ಡಬ್ಬಿ ಬಿಚ್ಚದೆ ಗುಟ್ಟು ಹೇಳುವ ನಾಲ್ಕು ಅಂಕಿ

4000, 0.0001, 150, 0.00001. ಇಷ್ಟೇ, ನಾಲ್ಕೇ ನಾಲ್ಕು ಅಂಕಿ! ಇವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಎಡಗಡೆ ಎಂಥ ಸೋರ್ಸ್ ಕೂರಿಸುತ್ತೀರಿ, ಬಲಗಡೆ ಎಷ್ಟು ಓಮಿನ ಲೋಡ್ ಕಟ್ಟುತ್ತೀರಿ ಎಂದಷ್ಟೇ ಹೇಳಿ. ಸರ್ಕ್ಯೂಟ್ ಎಷ್ಟು ಪಟ್ಟು ಗೇನ್ ಕೊಡುತ್ತದೆ ಎಂಬುದನ್ನು ಸಾಲ್ಡರಿಂಗ್ ಐರನ್ ಕಾಯುವುದರೊಳಗೆ ಕಾಗದದ ಮೇಲೆ ಬರೆದುಬಿಡಬಹುದು!

ಇವು 2N3904 ಎಂಬ ಪುಟ್ಟ ಟ್ರಾನ್ಸಿಸ್ಟರಿನ ಅಂಕಿಗಳು. ಕರಿ ಪ್ಲಾಸ್ಟಿಕ್ ತಲೆ, ಮೂರು ತಂತಿ ಕಾಲು. ಒಳಗಿನ ಸಿಲಿಕಾನ್ ಚೂರಿನಲ್ಲಿ ಎಲೆಕ್ಟ್ರಾನುಗಳು ಹೇಗೆ ನುಗ್ಗುತ್ತವೆ, ಬೇಸ್ ಪದರ ಎಷ್ಟು ತೆಳುವಾಗಿದೆ ಎಂಬುದೆಲ್ಲ ಭೌತಶಾಸ್ತ್ರದ ದೊಡ್ಡ ಕಥೆ. ಆದರೆ ಗೇನ್ ಲೆಕ್ಕ ಹಾಕುವವನಿಗೆ ಅದರಲ್ಲಿ ಒಂದಕ್ಷರವೂ ಬೇಕಿಲ್ಲ. ಡಬ್ಬಿಯ ಎಡಕ್ಕೆ ಎರಡು ತಂತಿ, ಬಲಕ್ಕೆ ಎರಡು ತಂತಿ ಕಂಡರೆ ಸಾಕು. ಟ್ರಾನ್ಸಿಸ್ಟರಿಗೆ ಮೂರೇ ಕಾಲಲ್ಲವೇ ಎನ್ನಬೇಡಿ: ಎಮಿಟರ್ ಎರಡೂ ಕಡೆಗೆ ಸೇರಿದ ತಂತಿ. ಬೇಸ್-ಎಮಿಟರ್ ಒಂದು ಪೋರ್ಟ್, ಕಲೆಕ್ಟರ್-ಎಮಿಟರ್ ಇನ್ನೊಂದು. ಟೂ-ಪೋರ್ಟ್ ನೆಟ್‌ವರ್ಕ್ ಎಂದರೆ ಇಷ್ಟೇ.

ಎರಡು ಸಾಲು, ನಾಲ್ಕು ಗುಣಕ

ಎರಡು ಪೋರ್ಟಿನಲ್ಲಿ ಒಟ್ಟು ನಾಲ್ಕು ಸಂಗತಿಗಳಿವೆ: ಎಡದ ವೋಲ್ಟೇಜ್ V1, ಎಡದ ಕರೆಂಟ್ I1, ಬಲದ ವೋಲ್ಟೇಜ್ V2, ಬಲದ ಕರೆಂಟ್ I2. ಸಾಮಾನ್ಯವಾಗಿ ಇವುಗಳಲ್ಲಿ ಎರಡನ್ನು ನಾವು ಹಿಡಿದಿಟ್ಟರೆ ಉಳಿದೆರಡನ್ನು ಡಬ್ಬಿಯೇ ತೀರ್ಮಾನಿಸುತ್ತದೆ. ಹೈಬ್ರಿಡ್ ಪದ್ಧತಿಯವರು ಆರಿಸಿಕೊಂಡ ಜೋಡಿ ವಿಚಿತ್ರ. ಎಡಗಡೆಯಿಂದ ಕರೆಂಟ್, ಬಲಗಡೆಯಿಂದ ವೋಲ್ಟೇಜ್!

```
V1 = h11·I1 + h12·V2
I2 = h21·I1 + h22·V2
```

ಒಂದೊಂದನ್ನೂ ಬೇರೆಬೇರೆಯಾಗಿ ನೋಡಿ. ಬಲಗಡೆ ಸಿಗ್ನಲ್‌ಗೆ ಶಾರ್ಟ್ ಮಾಡಿ V2 ಸೊನ್ನೆಗಿಳಿಸಿದಾಗ ಎಡಗಡೆ ಕಾಣುವ ರೋಧವೇ h11, ನಮ್ಮ ಟ್ರಾನ್ಸಿಸ್ಟರಿನಲ್ಲಿ 4000 ಓಮ್. ಅದೇ ಶಾರ್ಟ್‌ನಲ್ಲಿ, ಒಳಗೆ ಹೋದ ಕರೆಂಟಿಗೆ ಎಷ್ಟು ಪಟ್ಟು ಕರೆಂಟ್ ಬಲಗಡೆ ಹರಿಯಿತು ಎಂಬುದು h21, ಅಂದರೆ 150. ಇನ್ನು ಎಡಗಡೆಯನ್ನು ಸಿಗ್ನಲ್‌ಗೆ ಓಪನ್ ಬಿಟ್ಟು ಬಲಗಡೆಯಿಂದ ವೋಲ್ಟೇಜ್ ಕೊಟ್ಟರೆ ಅದರಲ್ಲಿ ಎಷ್ಟು ಪಾಲು ಹಿಮ್ಮುಖವಾಗಿ ಎಡಕ್ಕೆ ನುಸುಳುತ್ತದೆ? ಅದು h12, ಹತ್ತು ಸಾವಿರದಲ್ಲಿ ಒಂದು ಪಾಲು. ಆಗಲೇ ಬಲಗಡೆ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದು h22, ಒಂದು ವೋಲ್ಟಿಗೆ 10 ಮೈಕ್ರೋಆಂಪ್.

ಒಂದು ಓಮ್, ಒಂದು ಸೀಮೆನ್ಸ್, ಎರಡಕ್ಕೆ ಯೂನಿಟ್ಟೇ ಇಲ್ಲ. ಹೀಗೆ ಕಲಬೆರಕೆಯಾದ ಗುಂಪನ್ನು ಯಾಕೆ ಆರಿಸಿಕೊಂಡರು? ಎರಡೂ ಕಡೆ ಓಪನ್ ಬಿಟ್ಟು ಅಳೆಯುವ z ಪ್ಯಾರಾಮೀಟರುಗಳು ಮೊದಲೇ ಇದ್ದವಲ್ಲ, ನಾಲ್ಕಕ್ಕೂ ಓಮ್ ಎಂಬ ಒಂದೇ ಯೂನಿಟ್ಟಿನೊಂದಿಗೆ? ಉತ್ತರ ಸೂತ್ರದಲ್ಲಿಲ್ಲ, ಅಳತೆಯ ಮೇಜಿನ ಮೇಲಿದೆ. ಮತ್ತು ಅದು ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು!

ಸಾವಿರ ವೋಲ್ಟ್ ಎಲ್ಲಿ, ಏಳು ವೋಲ್ಟ್ ಎಲ್ಲಿ!

ಟ್ರಾನ್ಸಿಸ್ಟರ್ ಬದುಕಿರಬೇಕಾದರೆ ಡಿಸಿ ಬೇಕು. ನಮ್ಮ ಉದಾಹರಣೆಯಲ್ಲಿ ಕಲೆಕ್ಟರಿಗೆ 1 ಮಿಲಿಆಂಪ್, ಕಲೆಕ್ಟರ್-ಎಮಿಟರ್ ನಡುವೆ 10 ವೋಲ್ಟ್. ಈಗ ಡಿಸಿ ಹರಿಯುತ್ತಲೇ ಇರಬೇಕು, ಸಿಗ್ನಲ್ಲಿಗೆ ಮಾತ್ರ ಕಲೆಕ್ಟರ್ ಓಪನ್ ಆಗಿ ಕಾಣಬೇಕು ಎಂದುಕೊಳ್ಳಿ. ಕಲೆಕ್ಟರಿನ ಒಳರೋಧವೇ 1 ಲಕ್ಷ ಓಮಿನ ಆಸುಪಾಸಿನಲ್ಲಿದೆ. ಅದರೆದುರು 'ಓಪನ್' ಎನಿಸಿಕೊಳ್ಳಲು ಕನಿಷ್ಠ 10 ಲಕ್ಷ ಓಮಿನ ಮೂಲಕ ಡಿಸಿ ಕೊಡಬೇಕು. 10 ಲಕ್ಷ ಓಮಿನಲ್ಲಿ 1 ಮಿಲಿಆಂಪ್ ಹರಿಸಲು ಎಷ್ಟು ವೋಲ್ಟ್ ಬೇಕು? ಸಾವಿರ! ಬೆರಳ ತುದಿಯಷ್ಟಿರುವ ಟ್ರಾನ್ಸಿಸ್ಟರನ್ನು ಅಳೆಯಲು ಸಾವಿರ ವೋಲ್ಟಿನ ಸಪ್ಲೈ!

ಈಗ ಬೇಸಿನ ಕಡೆ ತಿರುಗಿ. ಅಲ್ಲಿ ಹರಿಯುವ ಡಿಸಿ 1 ಮಿಲಿಆಂಪಿನ ಸುಮಾರು 150ರಲ್ಲಿ ಒಂದು ಪಾಲು, ಹೆಚ್ಚುಕಡಿಮೆ 7 ಮೈಕ್ರೋಆಂಪ್. ಅದೇ 10 ಲಕ್ಷ ಓಮಿನ ಮೂಲಕ ಅಷ್ಟನ್ನು ಹರಿಸಲು 7 ವೋಲ್ಟ್ ಸಾಕು. ಬೇಸಿನ 4000 ಓಮಿನೆದುರು 10 ಲಕ್ಷ ಓಮ್ ಎಂದರೆ ಧಾರಾಳ ಓಪನ್. ಇನ್ನು ಕಲೆಕ್ಟರನ್ನು ಸಿಗ್ನಲ್‌ಗೆ ಶಾರ್ಟ್ ಮಾಡುವುದಂತೂ ಸುಲಿದ ಬಾಳೆಹಣ್ಣು: 1 ಲಕ್ಷ ಓಮಿನೆದುರು 100 ಓಮಿನ ಒಂದು ರೆಸಿಸ್ಟರ್ ಇಟ್ಟರೂ ಅದು ಶಾರ್ಟ್‌ನಂತೆಯೇ.

ಕಂಡಿತೇ? ಯಾವ ಕಡೆ ಓಪನ್ ಮಾಡುವುದು ಸುಲಭವೋ ಆ ಕಡೆ ಓಪನ್, ಯಾವ ಕಡೆ ಶಾರ್ಟ್ ಸುಲಭವೋ ಆ ಕಡೆ ಶಾರ್ಟ್! ಆ ಕಲಬೆರಕೆ ಟ್ರಾನ್ಸಿಸ್ಟರಿನ ಮೈಕಟ್ಟಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಮೊದಲ ಟ್ರಾನ್ಸಿಸ್ಟರನ್ನು ಕೆಲಸ ಮಾಡಿಸಿದ ಮೇಲೆ ಏಳು ವರ್ಷವೂ ತುಂಬಿರಲಿಲ್ಲ, 1954ರಲ್ಲಿ ಅಮೆರಿಕದ ಎರಡು ಎಂಜಿನಿಯರ್ ಸಂಸ್ಥೆಗಳ ಜಂಟಿ ಸಮಿತಿ ಟ್ರಾನ್ಸಿಸ್ಟರುಗಳನ್ನು ಅಳೆಯಲು h ಪ್ಯಾರಾಮೀಟರುಗಳನ್ನೇ ಶಿಫಾರಸು ಮಾಡಿತು.

ಅಳತೆಯೂ ಎಷ್ಟು ಸರಳ ನೋಡಿ. ಕಲೆಕ್ಟರಿನಲ್ಲಿ 100 ಓಮ್ ಇಟ್ಟು, 1 ಕಿಲೋಹರ್ಟ್ಸ್‌ನ 1 ವೋಲ್ಟ್ ಸಿಗ್ನಲನ್ನು 10 ಲಕ್ಷ ಓಮಿನ ಮೂಲಕ ಬೇಸಿಗೆ ಕೊಡಿ. ಒಳಗೆ ಹೋಗುವುದು 1 ಮೈಕ್ರೋಆಂಪ್. ಬೇಸಿನಲ್ಲಿ 4 ಮಿಲಿವೋಲ್ಟ್ ಕಂಡರೆ h11 ಎಂಬುದು 4000 ಓಮ್. 100 ಓಮಿನ ಮೇಲೆ 15 ಮಿಲಿವೋಲ್ಟ್ ಕಂಡರೆ ಅಲ್ಲಿ ಹರಿದದ್ದು 150 ಮೈಕ್ರೋಆಂಪ್, ಅಂದರೆ h21 ಎಂಬುದು 150. ಒಂದೇ ಏಟಿಗೆ ಎರಡು ಅಂಕಿ! ಆಮೇಲೆ ಕಲೆಕ್ಟರಿನಿಂದ 1 ವೋಲ್ಟ್ ಸಿಗ್ನಲ್ ಕೊಟ್ಟು ಅಲ್ಲಿ ಹರಿಯುವ ಕರೆಂಟನ್ನೂ ಬೇಸಿನಲ್ಲಿ ಮೂಡುವ ವೋಲ್ಟೇಜನ್ನೂ ನೋಡಿದರೆ h22, h12 ಸಿಗುತ್ತವೆ. ಕಷ್ಟ ಕೊಡುವುದು ಕೊನೆಯದೊಂದೇ. ಬೇಸಿನಲ್ಲಿ ಮೂಡುವುದು ಒಂದು ಮಿಲಿವೋಲ್ಟಿನ ಹತ್ತನೇ ಒಂದು ಪಾಲು. ಓಪನ್ ಬಿಟ್ಟ ಬೇಸಿಗೆ ಗೋಡೆಯ ವೈರಿಂಗಿನಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದನ್ನು ಸುಲಭವಾಗಿ ಮುಳುಗಿಸುತ್ತದೆ. ಕಂಡದ್ದು ನಿಜವಾದ h12 ಹೌದೋ ಅಲ್ಲವೋ ತಿಳಿಯಲು ಸಿಗ್ನಲ್ ಜನರೇಟರನ್ನು ಸೊನ್ನೆಗಿಳಿಸಿ ನೋಡಿ. ಆಗಲೂ ಬೇಸಿನಲ್ಲಿ ಅಲೆ ಉಳಿದಿದ್ದರೆ ಅದು ಗೋಡೆಯದು, ಟ್ರಾನ್ಸಿಸ್ಟರಿನದಲ್ಲ.

ಅಂದ ಹಾಗೆ, ಡೇಟಾಶೀಟ್ ನೋಡಿದರೆ ಸಾಲದೇ ಎಂದು ಕೇಳಬಹುದು. 2N3904ರ ಡೇಟಾಶೀಟಿನಲ್ಲಿ ಇದೇ 1 ಮಿಲಿಆಂಪ್, 10 ವೋಲ್ಟ್, 1 ಕಿಲೋಹರ್ಟ್ಸ್‌ಗೆ h21 ಬೆಲೆ 100ರಿಂದ 400ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಿದೆ. h11ಕ್ಕೆ 1ರಿಂದ 10 ಕಿಲೋಓಮ್. ಹಾಗಾಗಿ ಇಲ್ಲಿಯ ನಾಲ್ಕು ಅಂಕಿಗಳು ಆ ಮಿತಿಯೊಳಗಿನ ಒಂದು ಟ್ರಾನ್ಸಿಸ್ಟರಿನವು ಎಂದಿಟ್ಟುಕೊಳ್ಳೋಣ. ನಿಮ್ಮ ಕೈಯಲ್ಲಿರುವುದಕ್ಕೆ ನೀವೇ ಅಳೆದುಕೊಳ್ಳಬೇಕು.

ಸೋರ್ಸ್ ಬಂತು, ಲೋಡ್ ಬಂತು

ಈಗ ಆಟ ಶುರು! ಎಡಗಡೆ Vs ಎಂಬ ಸಿಗ್ನಲ್, ಅದರ ಒಳರೋಧ Rs. ಬಲಗಡೆ ಲೋಡ್ RL. ಲೋಡ್ ಒಂದು ಹೊಸ ಕಟ್ಟಳೆ ಹಾಕುತ್ತದೆ: `V2 = −I2·RL`. ಆ ಮೈನಸ್ ಎಲ್ಲಿಂದ ಬಂತು? I2ವನ್ನು ಡಬ್ಬಿಯ ಒಳಕ್ಕೆ ಹರಿಯುವ ದಿಕ್ಕಿನಲ್ಲಿ ಎಣಿಸುತ್ತಿದ್ದೇವೆ; ಲೋಡಿಗೆ ಅದು ಹಿಮ್ಮುಖ. ಇದನ್ನು ಎರಡನೇ ಸಾಲಿಗೆ ಹಾಕಿದರೆ I2 ಬಿಡಿಸಿಕೊಂಡು ಹೊರಗೆ ಬರುತ್ತದೆ. ಎಡಗಡೆ ಸೋರ್ಸ್ ಇನ್ನೊಂದು ಕಟ್ಟಳೆ ಹಾಕುತ್ತದೆ: `Vs = I1·Rs + V1`. ಎರಡನ್ನೂ ಹೊಂದಿಸಿದರೆ ಕೊನೆಗೆ ನಿಲ್ಲುವುದು ಒಂದೇ ಸೂತ್ರ:

```
V2/Vs = −h21·RL / [ (Rs + h11)(1 + h22·RL) − h12·h21·RL ]
```

ಇಷ್ಟೇ! ನಾಲ್ಕು ಅಂಕಿ, ಎರಡು ರೋಧ, ಒಂದು ಗೇನ್.

ಸೋರ್ಸಿನ ರೋಧ 1 ಕಿಲೋಓಮ್, ಲೋಡ್ 5 ಕಿಲೋಓಮ್ ಇರಲಿ. ಕಲೆಕ್ಟರ್ ರೆಸಿಸ್ಟರೇ ಲೋಡ್ ಆದ್ದರಿಂದ ಅದರ ಮೇಲೆ ಡಿಸಿ 5 ವೋಲ್ಟ್ ಬೀಳುತ್ತದೆ. ಟ್ರಾನ್ಸಿಸ್ಟರಿಗೆ 10, ಎಮಿಟರ್ ರೆಸಿಸ್ಟರಿಗೆ 1 ಎಂದುಕೊಂಡರೆ 16 ವೋಲ್ಟಿನ ಸಪ್ಲೈ. ಎಮಿಟರ್ ರೆಸಿಸ್ಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, 1 ಕಿಲೋಹರ್ಟ್ಸ್‌ನಲ್ಲಿ ಅದರ ತಡೆ 2 ಓಮಿಗಿಂತ ಕಡಿಮೆ. ಸಿಗ್ನಲ್ಲಿಗೆ ಎಮಿಟರ್ ನೆಲಕ್ಕೇ ಕಟ್ಟಿದಂತೆ.

ಸೂತ್ರದ ಮೇಲ್ಭಾಗ: 150 × 5000 = 7,50,000. ಕೆಳಭಾಗ: 5000 × 1.05 = 5250, ಅದರಲ್ಲಿ 0.0001 × 150 × 5000 = 75 ಕಳೆದರೆ 5175. ಭಾಗಿಸಿದರೆ 144.9, ಮುಂದೆ ಮೈನಸ್. ಮೈನಸ್ ಎಂದರೆ ಒಳಗೆ ಅಲೆ ಏರಿದಾಗ ಹೊರಗೆ ಇಳಿಯುತ್ತದೆ ಎಂದರ್ಥ.

ಈ ಅಂಕಿಯನ್ನು ಹತ್ತಿರದಿಂದ ನೋಡಬೇಕೆಂದರೆ ಸೋರ್ಸಿನಿಂದ 1 ಮಿಲಿವೋಲ್ಟ್ ಬಿಡಿ. ಒಳಗೆ ನುಗ್ಗುವ ಕರೆಂಟ್ 0.203 ಮೈಕ್ರೋಆಂಪ್. ಸೋರ್ಸಿನ ರೋಧದಲ್ಲೇ ಒಂದಷ್ಟು ಕಳೆದುಹೋಗಿ ಬೇಸ್ ತಲುಪುವುದು 0.8 ಮಿಲಿವೋಲ್ಟಿಗಿಂತ ಕೂದಲೆಳೆ ಕಡಿಮೆ. ಕಲೆಕ್ಟರಿನಲ್ಲಿ ಆಡುವ ಕರೆಂಟ್ 29 ಮೈಕ್ರೋಆಂಪ್. ಅದು 5 ಕಿಲೋಓಮಿನ ಮೇಲೆ 145 ಮಿಲಿವೋಲ್ಟಾಗಿ ಎದ್ದು ನಿಲ್ಲುತ್ತದೆ! ಇಲ್ಲಿ ಕರೆಂಟಿನ ಗೇನ್ 143 ಎಂಬುದನ್ನು ಗಮನಿಸಿ, 150 ಅಲ್ಲ. ಶಾರ್ಟ್‌ನಲ್ಲಿ ಸಿಗುವ 150ರಲ್ಲಿ ಉಳಿದ ಏಳನ್ನು ಟ್ರಾನ್ಸಿಸ್ಟರಿನದೇ h22 ನುಂಗಿತು.

ಎಡಕ್ಕೆ ನಿಂತವನಿಗೆ ಬಲ ಕಾಣುತ್ತದೆ!

ಉಸಿರು ಬಿಗಿಹಿಡಿಯುವ ಭಾಗ ಈಗ. ಇನ್‌ಪುಟ್‌ನಲ್ಲಿ ಕಾಣುವ ರೋಧ 4000 ಓಮ್ ಎಂದೆವಲ್ಲ, ಅದು ಬಲಗಡೆ ಶಾರ್ಟ್ ಆಗಿದ್ದಾಗ ಮಾತ್ರ. 5 ಕಿಲೋಓಮ್ ಲೋಡ್ ಕಟ್ಟಿದೊಡನೆ ಅದು 3929 ಓಮಿಗೆ ಇಳಿಯುತ್ತದೆ. ಲೋಡ್ 50 ಕಿಲೋಓಮ್ ಆದರೆ 3500. ಲೋಡನ್ನು ಕಿತ್ತೇ ಹಾಕಿದರೆ 2500! ಬೇಸನ್ನು ಯಾರೂ ಮುಟ್ಟಿಲ್ಲ, ಬದಲಾದದ್ದು ಕಲೆಕ್ಟರಿನ ಆಚೆ. ಮದ್ದಳೆಯ ಒಂದು ಮುಖದ ಮೇಲೆ ಅಂಗೈ ಇಟ್ಟರೆ ಇನ್ನೊಂದು ಮುಖದ ನಾದವೇ ಬದಲಾಗುವ ಹಾಗೆ! ಈ ಸುದ್ದಿಯನ್ನು ಬಲದಿಂದ ಎಡಕ್ಕೆ ಹೊತ್ತು ತರುವವನು h12, ಆ ಹತ್ತು ಸಾವಿರದಲ್ಲಿ ಒಂದು ಪಾಲು.

ಹಿಮ್ಮುಖದ ಕಥೆಯೂ ಹಾಗೆಯೇ. ಔಟ್‌ಪುಟ್ ಕಡೆಯಿಂದ ಒಳಗೆ ಇಣುಕಿದರೆ ಕಾಣುವ ರೋಧ ಸೋರ್ಸನ್ನು ಅವಲಂಬಿಸಿದೆ:

```
Zout = (Rs + h11) / [ (Rs + h11)·h22 − h12·h21 ]
```

ನಮ್ಮ 1 ಕಿಲೋಓಮ್ ಸೋರ್ಸಿಗೆ ಇದು ಸುಮಾರು 143 ಕಿಲೋಓಮ್. ಸೋರ್ಸಿನ ರೋಧ ಸೊನ್ನೆಯಾದರೆ 160; ಎಡಗಡೆ ಓಪನ್ ಬಿಟ್ಟರೆ ಸರಿಯಾಗಿ 100. ಹಾಗಾದರೆ 'ಈ ಟ್ರಾನ್ಸಿಸ್ಟರಿನ ಇನ್‌ಪುಟ್ ರೋಧ ಎಷ್ಟು, ಔಟ್‌ಪುಟ್ ರೋಧ ಎಷ್ಟು' ಎಂಬ ಪ್ರಶ್ನೆಗೆ ಒಂಟಿ ಉತ್ತರವೇ ಇಲ್ಲ. ಯಾರೊಡನೆ ಕಟ್ಟಿದ್ದೀರಿ ಎಂದು ಕೇಳಿಯೇ ಉತ್ತರ ಹೇಳಬೇಕು. ಆದರೆ ನಾಲ್ಕು h ಅಂಕಿಗಳು ಮಾತ್ರ ಯಾರ ಜೊತೆಗೂ ಬದಲಾಗುವುದಿಲ್ಲ.

ಪುಸ್ತಕಗಳಲ್ಲಿ ಒಂದು ಅಡ್ಡದಾರಿ ಇದೆ. h12, h22 ಎರಡೂ ಚಿಕ್ಕವು, ಬಿಟ್ಟುಬಿಡಿ ಎನ್ನುತ್ತದೆ ಅದು. ಬಿಟ್ಟರೆ ಗೇನ್ 7,50,000ವನ್ನು 5000ದಿಂದ ಭಾಗಿಸಿದಷ್ಟು, ಅಂದರೆ 150. ನಿಜವಾದ 144.9ರ ಪಕ್ಕದಲ್ಲಿ ಶೇಕಡ 3.5ರಷ್ಟು ಹೆಚ್ಚು, ಅಷ್ಟೇ. ಟ್ರಾನ್ಸಿಸ್ಟರಿನ h21 ತಾನೇ 100ರಿಂದ 400ರವರೆಗೆ ಓಡಾಡುವಾಗ ಇದು ಲೆಕ್ಕಕ್ಕೇ ಇಲ್ಲ. ಆದರೆ ಕಲೆಕ್ಟರಿನಲ್ಲಿ ರೆಸಿಸ್ಟರ್ ಬದಲು ಕಾನ್‌ಸ್ಟಂಟ್ ಕರೆಂಟ್ ಸೋರ್ಸ್ ಹಾಕಿ, ಸಿಗ್ನಲ್ಲಿಗೆ ಕಾಣುವ ಲೋಡನ್ನು 50 ಕಿಲೋಓಮಿಗೆ ಏರಿಸಿ ನೋಡಿ. ಅಡ್ಡದಾರಿ 1500 ಎನ್ನುತ್ತದೆ, ಪೂರ್ತಿ ಸೂತ್ರ 1111 ಎನ್ನುತ್ತದೆ. ತಪ್ಪು ಶೇಕಡ 35! ಅದಕ್ಕೇ ಬಲ್ಲವರು ಮೊದಲು h22 × RL ಗುಣಿಸಿ ನೋಡುತ್ತಾರೆ. ಉತ್ತರ 0.1ಕ್ಕಿಂತ ಕಡಿಮೆ ಇದ್ದರೆ ಅಡ್ಡದಾರಿ ಹಿಡಿಯಬಹುದು. 5 ಕಿಲೋಓಮಿಗೆ ಅದು 0.05, 50 ಕಿಲೋಓಮಿಗೆ 0.5.

ಇಲ್ಲೇ ಇನ್ನೊಂದು ಅಚ್ಚರಿ ಅಡಗಿದೆ. ಅದೇ 50 ಕಿಲೋಓಮಿನಲ್ಲಿ h22 ಉಳಿಸಿಕೊಂಡು h12 ಒಂದನ್ನೇ ಕೈಬಿಡಿ. ಗೇನ್ 1111ರ ಬದಲು 1000 ಬರುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ಎಂದು ತಾತ್ಸಾರ ಮಾಡಿದ ಅಂಕಿ ಗೇನನ್ನು ಶೇಕಡ 11ರಷ್ಟು ಏರಿಸಿತ್ತು! ಕಾರಣ ಸ್ಪಷ್ಟ: h12 ಹಿಂದಕ್ಕೆ ತರುವುದು ಔಟ್‌ಪುಟ್ ವೋಲ್ಟೇಜಿನ ಪಾಲನ್ನು, ಮತ್ತು ಆ ಔಟ್‌ಪುಟ್ ಸಾವಿರಪಟ್ಟು ಹಿಗ್ಗಿರುತ್ತದೆ. ಹಿಗ್ಗಿದ್ದರ ಹತ್ತು ಸಾವಿರದ ಒಂದು ಪಾಲು ಇನ್‌ಪುಟ್‌ನ ಹತ್ತನೇ ಒಂದು ಪಾಲಿನಷ್ಟಾಗಿ ಎದುರು ಬಂದು ನಿಲ್ಲುತ್ತದೆ.

ಲೋಡನ್ನು ಎಷ್ಟು ಬೇಕಾದರೂ ದೊಡ್ಡದು ಮಾಡುತ್ತಾ ಹೋದರೆ ಗೇನ್ ಮುಗಿಲು ಮುಟ್ಟುತ್ತದೆಯೇ? ಇಲ್ಲ. 1 ಕಿಲೋಓಮ್ ಸೋರ್ಸಿನೊಂದಿಗೆ ಅದು 4286ರ ಬಳಿ ನಿಂತುಬಿಡುತ್ತದೆ. ಸಿಗ್ನಲ್ ಕರೆಂಟಿಗೆ ಹೊರಗೆ ದಾರಿ ಸಿಗದಿದ್ದರೆ ಅದು ಟ್ರಾನ್ಸಿಸ್ಟರಿನ ಒಳಗಿನ h22ರಲ್ಲೇ ಹರಿದುಹೋಗುತ್ತದೆ.

ಈ ತಡೆಗೋಡೆಯೇ ಲೆಕ್ಕದ ತಪ್ಪನ್ನೂ ಹಿಡಿದುಕೊಡುತ್ತದೆ. ಸುಲಭವಾಗಿ ಆಗುವ ತಪ್ಪು V2ದ ಮೈನಸ್ ಮರೆಯುವುದು. ಮರೆತರೆ `1 + h22·RL` ಇರಬೇಕಾದ ಕಡೆ `1 − h22·RL` ಬಂದು ಕೂರುತ್ತದೆ, ಕರೆಂಟ್ ಗೇನ್ ಲೋಡಿನ ಜೊತೆ ಏರುತ್ತಾ ಹೋಗಿ 1 ಲಕ್ಷ ಓಮಿನಲ್ಲಿ ಅನಂತವಾಗುತ್ತದೆ! ಲೋಡಿನ ರೋಧ ಏರಿಸಿದಾಗ ಕರೆಂಟ್ ಗೇನ್ 150ನ್ನು ದಾಟಿತೆಂದರೆ ಹಿಂದೆ ತಿರುಗಿ ಮೈನಸ್ ಹುಡುಕಿ.

ಮೇಜಿನ ಮೇಲೆ ಅಳೆದದ್ದು ಲೆಕ್ಕಕ್ಕಿಂತ ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಬಯಾಸ್ ರೆಸಿಸ್ಟರುಗಳನ್ನು. ಬೇಸಿಗೆ ಡಿಸಿ ಕೊಡುವ ಆ ಜೋಡಿ, ಸಿಗ್ನಲ್ಲಿಗೆ ಇನ್‌ಪುಟ್‌ಗೆ ಅಡ್ಡಲಾಗಿ ಕೂತಂತೆ. ಎರಡೂ ಪ್ಯಾರಲಲ್ ಆಗಿ 20 ಕಿಲೋಓಮ್ ಆಗುತ್ತವೆ ಎನ್ನಿ. ಆಗ ಥೆವೆನಿನ್ ಪ್ರಕಾರ ಸೋರ್ಸ್ 21ರಲ್ಲಿ 20 ಪಾಲಿಗೆ ಇಳಿದು, ಅದರ ರೋಧ 952 ಓಮ್ ಆಗುತ್ತದೆ. ಸೂತ್ರದಲ್ಲಿ ಈ ಹೊಸ ಬೆಲೆ ಹಾಕಿ, ಬಂದದ್ದನ್ನು 20/21ರಿಂದ ಗುಣಿಸಿದರೆ 144.9 ಇದ್ದದ್ದು 139.4ಕ್ಕೆ ಇಳಿಯುತ್ತದೆ. ಮುಂದಿನ ಹಂತವೊಂದು ಸೇರಿದರೆ ಲೋಡಿನ ಕಡೆಯೂ ಹೀಗೆಯೇ, ಕಲೆಕ್ಟರ್ ರೆಸಿಸ್ಟರಿಗೆ ಅದರ ಇನ್‌ಪುಟ್ ಪ್ಯಾರಲಲ್.

ಇಷ್ಟೆಲ್ಲ ನಿಜವಾಗುವುದು ಸಿಗ್ನಲ್ ಚಿಕ್ಕದಿರುವಾಗ, ಅದೂ ಅಳೆದ ಆ ಡಿಸಿ ಬಿಂದುವಿನಲ್ಲೇ. ಬೇಸಿನಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ಆಡತೊಡಗಿದರೆ ಔಟ್‌ಪುಟ್ ಅಲೆಯ ಒಂದು ಮಗ್ಗುಲು ಚೂಪಾಗಿ, ಇನ್ನೊಂದು ಮಗ್ಗುಲು ಚಪ್ಪಟೆಯಾಗುವುದು ಆಸಿಲೋಸ್ಕೋಪಿನಲ್ಲೇ ಕಾಣುತ್ತದೆ. ಆಗ ನಾಲ್ಕು ಅಂಕಿಗಳ ಮಾತು ನಡೆಯುವುದಿಲ್ಲ. ಮೆಗಾಹರ್ಟ್ಸ್‌ಗಳ ಎತ್ತರಕ್ಕೆ ಹೋದರೂ ಅಷ್ಟೆ. ಒಳಗಿನ ಕೆಪಾಸಿಟೆನ್ಸುಗಳು ಎಚ್ಚೆತ್ತು, 1 ಕಿಲೋಹರ್ಟ್ಸ್‌ನಲ್ಲಿ ಅಳೆದ ಬೆಲೆಗಳು ಹಳತಾಗುತ್ತವೆ.

ಟ್ರಾನ್ಸಿಸ್ಟರೇ ಬೇಕಿಲ್ಲ!

ಈಗ ಟ್ರಾನ್ಸಿಸ್ಟರನ್ನು ಪಕ್ಕಕ್ಕಿಟ್ಟು ಆ ಡಬ್ಬಿಯಲ್ಲಿ ಒಂದು ಐಡಿಯಲ್ ಟ್ರಾನ್ಸ್‌ಫಾರ್ಮರ್ ಇಡಿ, ಎಡಗಡೆ ಸುತ್ತು ಬಲಗಡೆಯ ಸುತ್ತಿನ ಹತ್ತರಷ್ಟು. z ಪ್ಯಾರಾಮೀಟರ್ ಕೇಳಿದರೆ ಸಿಗುವುದಿಲ್ಲ, ಇಂಥ ಟ್ರಾನ್ಸ್‌ಫಾರ್ಮರಿಗೆ ಅವು ಇಲ್ಲವೇ ಇಲ್ಲ: ಬಲಗಡೆ ಓಪನ್ ಬಿಟ್ಟರೆ ಎಡಗಡೆ ಕರೆಂಟನ್ನೇ ಒಳಗೆ ಬಿಡುವುದಿಲ್ಲ, ಭಾಗಿಸಲು ಕೆಳಗೆ ಸೊನ್ನೆ. ಎರಡೂ ಕಡೆ ಶಾರ್ಟ್ ಮಾಡಿ ಅಳೆಯುವ y ಪ್ಯಾರಾಮೀಟರುಗಳೂ ಇಲ್ಲ. ಆದರೆ h ಇದೆ! ಎಡಗಡೆ ಕರೆಂಟ್, ಬಲಗಡೆ ವೋಲ್ಟೇಜ್ ಎಂಬ ಆ ವಿಚಿತ್ರ ಜೋಡಿಗೆ ಟ್ರಾನ್ಸ್‌ಫಾರ್ಮರ್ ತಕರಾರಿಲ್ಲದೆ ಉತ್ತರ ಕೊಡುತ್ತದೆ: h11 ಸೊನ್ನೆ, h12 ಹತ್ತು, h21 ಮೈನಸ್ ಹತ್ತು, h22 ಸೊನ್ನೆ.

ಈ ನಾಲ್ಕನ್ನು ಅದೇ ಸೂತ್ರಕ್ಕೆ, ಒಂದು ಚುಕ್ಕೆಯನ್ನೂ ಬದಲಿಸದೆ, ಹಾಕಿ. ಸೋರ್ಸ್ 800 ಓಮ್, ಲೋಡ್ 8 ಓಮಿನ ಸ್ಪೀಕರ್. ಮೇಲೆ 80, ಕೆಳಗೆ 800ಕ್ಕೆ 800 ಕೂಡಿ 1600. ಗೇನ್ ಇಪ್ಪತ್ತರಲ್ಲಿ ಒಂದು, ಈ ಸಲ ಮೈನಸ್ ಇಲ್ಲ. ಕೆಳಗಿನ ಎರಡನೇ 800 ಯಾವುದು ಗೊತ್ತೇ? 8 ಓಮಿನ ಸ್ಪೀಕರ್ ಟ್ರಾನ್ಸ್‌ಫಾರ್ಮರಿನ ಆಚೆಯಿಂದ ಎಡಕ್ಕೆ ಕಾಣುವ ರೂಪ, ಹತ್ತರ ವರ್ಗದಿಂದ ಗುಣಿಸಿದ್ದು! ಇಂಪಿಡೆನ್ಸ್ ಮ್ಯಾಚಿಂಗ್ ಎಂದು ಬೇರೆಯೇ ಅಧ್ಯಾಯದಲ್ಲಿ ಓದುವ ಪಾಠ, ಟ್ರಾನ್ಸಿಸ್ಟರಿಗೆಂದು ಬರೆದ ಸೂತ್ರದ ಒಳಗೇ ಕುಳಿತಿದೆ. 3929 ಓಮಿನಲ್ಲಿ ಮಸುಕಾಗಿ ಕಂಡ ಲೋಡಿನ ನೆರಳು ಇಲ್ಲಿ ಪೂರ್ತಿ ಎದುರಿಗೇ ನಿಂತಿದೆ. ಎರಡನ್ನೂ ಎಡಕ್ಕೆ ಹೊತ್ತು ತಂದದ್ದು ಒಂದೇ ಪದ, `h12·h21·RL`. ಹಾಗಾಗಿ ಮುಂದೆ ಯಾವ ಡಬ್ಬಿ ಕೈಗೆ ಬಂದರೂ ಸಂಧಿ ಬಿಚ್ಚುವ ಮೊದಲು ಎರಡು ಅಳತೆ ಶಾರ್ಟ್‌ನಲ್ಲಿ, ಎರಡು ಓಪನ್‌ನಲ್ಲಿ ತೆಗೆದುಕೊಳ್ಳಿ; ಉಳಿದದ್ದನ್ನು ಆ ಒಂದು ಭಾಗಾಕಾರವೇ ಹೇಳುತ್ತದೆ.